ಗೊಂಡೆ ಎಡಕ್ಕ ಅಂದ್ರ ಯಾರ ಎಡಕ್ಕ?

ಗದಗಿನಾಗ ನಮ್ದೊಂದು ಸಣ್ಣ ಸ್ಟುಡಿಯೋ ಐತಿ. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್, ಮದುವಿ ಆಲ್ಬಮ್ ಡಿಸೈನ್, ಇಂತಾವೆಲ್ಲ ಮಾಡ್ತೀವಿ. ಹೋದ ತಿಂಗಳು ಮುಂಡರಗಿ ಕಡಿಂದ ಒಬ್ರು ಕಾಕಾ ಬಂದ್ರು. ಮಗಳದು ಡಿಗ್ರಿ ಮುಗದೇತಿ, ಕರಿ ನಿಲುವಂಗಿ, ಚೌಕ ಟೊಪಿಗಿ ಹಾಕ್ಕೊಂಡು ನಿಂತಿದ್ದು ಒಂದ ಫೋಟೋ ಐತಿ, ಅದನ್ನ 12×18 ಮಾಡಿ ಫ್ರೇಮ್ ಹಾಕಿ ಕೊಡ್ರಿ, ಪಡಸಾಲ್ಯಾಗ ಹಚ್ಚೂದೈತಿ ಅಂದ್ರು. ಅಷ್ಟ ಅಲ್ಲಾ, ಮೊಬೈಲ್ ನನ್ನ ಮುಂದ ಹಿಡದು, "ತಮ್ಮಾ, ಮಾರಿ ಕರಿ ಕಾಣ್ತೇತಿ, ಅರಿವಿ ಮುದುಡೇತಿ, ಈ ಗೊಂಡೆ ನೋಡು, ನಮ್ಮ ಎತ್ತಿನ ಕೋಡಿಗೆ ಕಟ್ಟಿದ್ದು ಕಣ್ಣ ಮ್ಯಾಲ ಜೋತಬೀಳ್ತೇತಲ್ಲ ಹಂಗ ಬಿದ್ದೇತಿ, ಇಷ್ಟು ಸಮ ಮಾಡ್ರಿ" ಅಂದ್ರು. ಒಂದ ಸಾಲಿನ್ಯಾಗ ಮೂರೂ ತಪ್ಪು ಹೇಳಿಬಿಟ್ರು, ನಾನು ಮಾಡಾಕ ಮೂರು ರಾತ್ರಿ ತಗೊಂಡೆ, ಅದರಾಗ ಒಂದು ಪ್ರಿಂಟ್ ಕೆಡಿಸಿದ್ದೂ ಐತಿ.

ಅವರ ಹತ್ರ ಇದ್ದದ್ದು ವಾಟ್ಸಾಪ್‌ನಾಗ ಬಂದ ಫೋಟೋ, ಉದ್ದ ಬದಿ 1600 ಪಿಕ್ಸೆಲ್ ಅಷ್ಟ. ಅದನ್ನ 18 ಇಂಚಿಗೆ ಹಿಗ್ಗಿಸಿದ್ರ ಇಂಚಿಗೆ 90 ಪಿಕ್ಸೆಲ್ಲೂ ಬರೂದಿಲ್ಲ, ಮಾರಿ ಮಯಣದ್ದು ಮಾಡಿದಂಗ ಆಕ್ಕೇತಿ. ಮಗಳ ನಂಬರ್ ಇಸ್ಕೊಂಡು ಮೂಲ ಫೈಲನ್ನ ಡಾಕ್ಯುಮೆಂಟ್ ಅಂತ ಕಳಸವ್ವಾ ಅಂದೆ, 3000×4000ದ್ದು ಬಂತು. 12 ಇಂಚು ಅಗಲಕ್ಕ 3000 ಅಂದ್ರ ಇಂಚಿಗೆ 250, ಸಾಕಾಕ್ಕೇತಿ. ಆದ್ರ 18 ಇಂಚಿಗೆ 4500 ಬೇಕು, 500 ಕಮ್ಮಿ. ಅಗಲ ಕತ್ತರಿಸಿದ್ರ ಟೊಪಿಗಿ ಮೂಲಿ ಅಂಚಿಗೆ ಬಂದು ತಾಗ್ತಿತ್ತು, ಅದಕ್ಕ ತಲಿ ಮ್ಯಾಲಿನ ಬರೇ ಆಕಾಶಾನ ಅಷ್ಟು ಬೆಳಸಿದೆ. ಜತಿಗೆ ಇನ್ನೊಂದು ಕೇಳಿದ್ದೆ, ಅದ ಜಾಗದಾಗ ಅದ ಹೊತ್ತಿನ್ಯಾಗ ತಗದಿದ್ದು ಬ್ಯಾರೆ ಫೋಟೋ ಇದ್ರ ಕೆಟ್ಟಿದ್ರೂ ಚಿಂತಿಲ್ಲ ಎಲ್ಲಾ ಕಳಸು ಅಂತ. ಆರು ಬಂದ್ವು. ಈ ಒಂದು ಮಾತು ಕೇಳದೇ ಇದ್ದಿದ್ರ ನನಗ ಈ ಕೆಲಸ ಆಗ್ತಿದ್ದಿಲ್ಲ, ಯಾಕ ಅನ್ನೂದು ಮುಂದ ಬರ್ತೇತಿ.

ಮದಲ ನೆರಳು. ಮಧ್ಯಾಹ್ನ ಹನ್ನೆರಡೂವರಿ ಬಿಸಲಾಗ ತಗದ ಫೋಟೋ ಅದು. ಚೌಕ ಟೊಪಿಗಿ ಅಂದ್ರ ತಲಿ ಮ್ಯಾಲ ಒಂದು ಹಲಗಿ ಇಟ್ಟಂಗ ನೋಡ್ರಿ, ಅದರ ನೆರಳು ಹಣಿ, ಎರಡೂ ಕಣ್ಣು, ಮೂಗಿನ ಅರ್ಧದ ತನಕ ಬಂದಿತ್ತು, ಅಲ್ಲಿಂದ ಕೆಳಗ ಗಲ್ಲ ಗದ್ದ ಬಿಸಲಾಗ ಫಳಫಳ. ಹೊಸಬ್ರು ಏನ್ ಮಾಡ್ತಾರ ಅಂದ್ರ ಆ ಜಾಗ ಸೆಲೆಕ್ಟ್ ಮಾಡಿ ಬ್ರೈಟ್‌ನೆಸ್ ಏರಿಸಿಬಿಡ್ತಾರ, ಆಗ ಹಣಿ ಬೂದಿ ಬಡಕೊಂಡಂಗ ಆಕ್ಕೇತಿ. ನಾನೂ ಮದಲ ವರ್ಷ ಅದನ್ನ ಮಾಡ್ತಿದ್ದೆ. ಯಾಕ ಹಂಗ ಅಂದ್ರ, ಬಿಸಲು ಬಿದ್ದ ಗಲ್ಲಕ್ಕ ಬೆಳಕು ಸೂರ್ಯಂದು, ನೆರಳಾಗಿರೋ ಹಣಿಗೆ ಸೂರ್ಯ ಕಾಣೂದಿಲ್ಲ, ಅಲ್ಲಿ ಬರೋ ಬೆಳಕು ಆಕಾಶದ್ದು, ಆಕಾಶ ನೀಲಿ. ಕಣ್ಣಿಗೆ ನೆರಳು ಬರೇ ಕರಿ ಅನಸ್ತೇತಿ ಖರೆ, ಆದ್ರ ಅದರಾಗ ನೀಲಿ ಪಾಲು ಜಾಸ್ತಿ ಇರ್ತೇತಿ.

ಇದನ್ನ ಅಂದಾಜಿನ ಮ್ಯಾಲ ಬಿಡದ ಅಳದ್ರ ಪೂರಾ ಕೆಲಸ ಹಗುರ ಆಕ್ಕೇತಿ. ಫೋಟೋಶಾಪ್‌ನ ಇನ್ಫೋ ಪ್ಯಾನೆಲ್ ತಗದು ಗಲ್ಲದ ಮ್ಯಾಲ ಕರ್ಸರ್ ಇಟ್ಟೆ: ಕೆಂಪು 206, ಹಸಿರು 158, ನೀಲಿ 128. ಹಣಿ ಮ್ಯಾಲ ಇಟ್ಟೆ: 104, 84, 78. ಈಗ ನೋಡ್ರಿ, ಕೆಂಪು ಹೆಚ್ಚುಕಮ್ಮಿ ಅರ್ಧಕ್ಕ ಇಳದೇತಿ, ನೀಲಿ ಅಷ್ಟು ಇಳದಿಲ್ಲ. ಮೂರನ್ನೂ ಸುಮ್ಮನ ಎರಡು ಪಟ್ಟು ಮಾಡಿದ್ರ ಕೆಂಪು 208 ಆಗಿ ಗಲ್ಲಕ್ಕ ಹೊಂದ್ತೇತಿ, ನೀಲಿ 156 ಆಕ್ಕೇತಿ, ಗಲ್ಲದಾಗ ಇದ್ದದ್ದು 128. ಆ ಹೆಚ್ಚಿನ 28 ಐತಲ್ಲ, ಅದ ಬೂದಿ.

ಮತ್ತ ನನಗ ಹಣೀನ ಗಲ್ಲದಷ್ಟ ಬೆಳ್ಳಗ ಮಾಡೂದೂ ಬೇಕಿದ್ದಿಲ್ಲ. ತಲಿ ಮ್ಯಾಲ ಟೊಪಿಗಿ ಐತಿ, ಬಿಸಲೈತಿ, ಮತ್ತ ನೆರಳಿಲ್ಲ ಅಂದ್ರ ಟೊಪಿಗಿ ಆಮ್ಯಾಲ ಅಂಟಿಸಿದಂಗ ಕಾಣ್ತೇತಿ. ಕೆಂಪು 165ಕ್ಕ ತಂದ್ರ ಸಾಕು ಅಂತ ಹಿಡದೆ. ಗಲ್ಲದ ಬಣ್ಣದ ಲೆಕ್ಕದಾಗ 165 ಕೆಂಪಿಗೆ ಹಸಿರು 127, ನೀಲಿ 103 ಬರ್ತೇತಿ. ಒಂದು ಕರ್ವ್ಸ್ ಲೇಯರ್ ಹಾಕಿ ಒಂದೊಂದ ಚಾನೆಲ್‌ನ್ಯಾಗ ಒಂದೊಂದ ಚುಕ್ಕಿ: ಕೆಂಪಿನ್ಯಾಗ 104ನ್ನ 165ಕ್ಕ, ಹಸಿರಿನ್ಯಾಗ 84ನ್ನ 127ಕ್ಕ, ನೀಲಿಯೊಳಗ 78ನ್ನ 103ಕ್ಕ. ಇಡೀ ಫೋಟೋ ಕೆಟ್ಟು ಕಿತ್ತಳಿ ಆಕ್ಕೇತಿ, ಅಂಜಬ್ಯಾಡ್ರಿ, ಮಾಸ್ಕ್ ಮ್ಯಾಲ Ctrl+I ಒತ್ತಿದ್ರ ಎಲ್ಲಾ ಮಾಯ, ಆಮ್ಯಾಲ ಬಿಳಿ ಬ್ರಶ್ಶಿಂದ ನೆರಳಿದ್ದಲ್ಲಿ ಅಷ್ಟ ಸಾವಕಾಶ ಬರಸ್ಕೋಂತ ಹೋಗೂದು, ಫ್ಲೋ ಹತ್ತು ಪರ್ಸೆಂಟ್. ಕಣ್ಣಿನ ಬಿಳಿ ಮ್ಯಾಲ ಅರ್ಧ ಅಷ್ಟ ಬರಸ್ಬೇಕು, ಇಲ್ಲಾಂದ್ರ ಕಾಮಾಲಿ ಆದವರ ಕಣ್ಣಾಗ್ತಾವು, ಯಾಕಂದ್ರ ಆ ಕರ್ವ್ ಚರ್ಮದ ಸಲುವಾಗಿ ಮಾಡಿದ್ದು, ಕಣ್ಣಿಗಲ್ಲ.

ಇಷ್ಟಕ್ಕ ಮುಗೀತಾ ಅಂದ್ರ ಇಲ್ಲ, ನೆರಳಿನ ಅಂಚು ಉಳೀತು. ನಾನು ಎಲ್ಲಾ ಕಡೆ ಒಂದ ಮೆತ್ತನ್ನ ಬ್ರಶ್ ಹಿಡದು ಬರಸಿದ್ದೆ, ಮೂಗಿನ ಮ್ಯಾಲ ಚಂದ ಕುಂತಿತ್ತು, ಕಿವಿ ಕಡೆ ಹಣಿ ಮೂಲ್ಯಾಗ ನೋಡಿದ್ರ ನೆರಳಿನ ಒಳಗ ಒಂದು ಕಾಡಿಗಿ ಗೆರಿ, ಹೊರಗ ಒಂದು ಬೆಳ್ಳನ್ನ ಗೆರಿ. ಕಾರಣ ಸರಳ ಐತಿ, ಸೂರ್ಯ ಚುಕ್ಕಿ ಅಲ್ಲ, ಆಕಾಶದಾಗ ಅರ್ಧ ಡಿಗ್ರಿಯಷ್ಟು ಅಗಲ ಅದಾನ, ಹಂಗಾಗಿ ನೆರಳಿನ ಅಂಚು ಟೊಪಿಗಿಯಿಂದ ದೂರ ಹೋದಂಗ ಮಸುಕಾಗ್ತದ. ಟೊಪಿಗಿಗೆ ಹತ್ತಿದ ಹಣಿ ಮ್ಯಾಲ ಅಂಚು ಬ್ಲೇಡಿನಂಗ ಇರ್ತೇತಿ, ಮೂಗಿನ ತುದಿಗೆ ಬರೂದ್ರಾಗ ಮೆತ್ತಗಾಗಿರ್ತೇತಿ. ಮಾಸ್ಕಿನ ಅಂಚೂ ಹಂಗ ಇರಬೇಕು. ಮ್ಯಾಲ ಗಟ್ಟಿ ಬ್ರಶ್, ಕೆಳಗ ಬರಬರತ ಮೆತ್ತಗ. ಅದು ತಿಳದ ಮ್ಯಾಲ ಹತ್ತು ನಿಮಿಷದ ಕೆಲಸ, ತಿಳಿಯೋತನಕ ಒಂದು ರಾತ್ರಿ ಹೋತು. ಕಡೀಗೆ ಉಳದ ಸಣ್ಣ ಗೆರೀನ ಹೊಸ ಲೇಯರ್‌ನ್ಯಾಗ ಕ್ಲೋನ್ ಸ್ಟ್ಯಾಂಪ್ ಇಟ್ಟು ಕಾಲು ಭಾಗ ಒಪ್ಯಾಸಿಟಿಯೊಳಗ ಒರಸಿದೆ. ಟೊಪಿಗಿ ಅಂಚಿಗೆ ತಾಗಿದ ಒಂದು ಬೆರಳಿನಷ್ಟು ನೆರಳು ಇದ್ದಂಗ ಬಿಟ್ಟೆ.

ಎರಡನೇದು ನಿಲುವಂಗಿ. ಬಾಡಿಗಿ ನಿಲುವಂಗಿ, ಪ್ಲಾಸ್ಟಿಕ್ ಚೀಲದಾಗ ಮಡಚಿ ಇಟ್ಟದ್ದನ್ನ ಅವತ್ತ ಬಿಚ್ಚಿ ಕೊಟ್ಟಿರ್ತಾರ, ಎದಿ ಮ್ಯಾಲ ಎರಡು ಉದ್ದ ಗೆರಿ ಮೂರು ಅಡ್ಡ ಗೆರಿ, ಹೊಲದಾಗ ಮಡಿ ಮಾಡಿದಂಗ. (ಇಂಥಾ ನಿಲುವಂಗಿಗೆ ಕೈಮಗ್ಗದ ಬಟ್ಟಿ ಬಳಸ್ರಿ ಅಂತ 2019ರಾಗ ಯುಜಿಸಿ ಹೇಳಿತ್ತು, ಇದು ಮಿಂಚೋ ಪಾಲಿಯೆಸ್ಟರ್, ಮಿಂಚೋ ಬಟ್ಟಿ ಮ್ಯಾಲ ಮಡಿಕಿ ಎರಡು ಪಟ್ಟು ಎದ್ದು ಕಾಣ್ತೇತಿ.) ಇಲ್ಲಿ ನಾನು ಮದಲ ಮಾಡಿದ ತಪ್ಪು ಏನಂದ್ರ ಎಲ್ಲಾ ಗೆರೀನೂ ಅಳಿಸಿಬಿಟ್ಟೆ. ನಿಲುವಂಗಿ ಕರಿ ತಗಡು ಆತು, ಒಳಗ ಮನಿಶಾನ ಇಲ್ಲ ಅನ್ನೋಹಂಗ. ಆಮ್ಯಾಲ ಕುಂತು ನೋಡಿದಾಗ ತಿಳೀತು, ಗೆರಿ ಎರಡು ಜಾತಿ. ಮಡಚಿ ಇಟ್ಟಿದ್ದ ಗೆರಿ ಸ್ಕೇಲ್ ಹಿಡದು ಎಳದಂಗ ಸೀದಾ ಇರ್ತೇತಿ, ಭುಜ ಎಲ್ಲೈತಿ ಮೊಣಕೈ ಎಲ್ಲೈತಿ ಅನ್ನೂದು ಅದಕ್ಕ ಸಂಬಂಧ ಇಲ್ಲ. ಉಟ್ಟಾಗ ಬೀಳೋ ನೆರಿಗಿ ಹಂಗಲ್ಲ, ಅದಕ್ಕ ಹುಟ್ಟೋ ಜಾಗ ಇರ್ತೇತಿ, ಭುಜದಿಂದನೋ ಮೊಣಕೈ ಮಡಚಿದಲ್ಲಿಂದನೋ ಸುರು ಆಗಿ ಕೆಳಗ ಬಂದಂಗ ಅಗಲ ಆಕ್ಕೇತಿ. ಮದಲಿನದು ಹೋಗಬೇಕು, ಎರಡನೇದು ಇರಬೇಕು.

ಮಾಡಿದ್ದು ಫ್ರೀಕ್ವೆನ್ಸಿ ಸೆಪರೇಶನ್. ಫೋಟೋನ ಎರಡು ಲೇಯರ್ ಮಾಡೂದು, ಕೆಳಗಿಂದ್ರಾಗ ಬರೇ ಬೆಳಕು ನೆರಳು ಬಣ್ಣ, ಮ್ಯಾಲಿಂದ್ರಾಗ ಬರೇ ನೇಯ್ಗಿ ಎಳಿ. ಕೆಳಗಿನ ಲೇಯರ್‌ಗೆ low ಅಂತ ಹೆಸರಿಟ್ಟು ಗಾಸಿಯನ್ ಬ್ಲರ್ ಹಾಕಿದೆ, ನೇಯ್ಗಿ ಎಳಿ ಕಾಣದಂಗ ಆಗೋವರೆಗೂ, ಈ ಫೈಲಿಗೆ 8 ಪಿಕ್ಸೆಲ್ ಆತು. ಮ್ಯಾಲಿನ ಲೇಯರ್ ಮ್ಯಾಲ ಹಿಂಗ:

```
Image > Apply Image
Layer: low
Blending: Subtract
Scale: 2
Offset: 128
```

ಆಮ್ಯಾಲ ಆ ಲೇಯರ್ ಮೋಡ್ Linear Light. ಸರಿ ಆಗೇತೋ ಇಲ್ಲೋ ಅಂತ ತಿಳಿಯೂದು ಹೆಂಗಂದ್ರ, ಇಷ್ಟೆಲ್ಲಾ ಮಾಡಿದ ಮ್ಯಾಲ ಫೋಟೋ ಮದಲ ಹೆಂಗಿತ್ತೋ ಹಂಗ ಕಾಣಬೇಕು. ಚೂರು ಬ್ಯಾರೆ ಕಂಡ್ರೂ ಎಲ್ಲೋ ಒಂದು ನಂಬರ್ ತಪ್ಪೇತಿ ಅಂತ ತಿಳಕೋರಿ. ಇದು 8 ಬಿಟ್ ಫೈಲಿನ ಲೆಕ್ಕ, 16 ಬಿಟ್ಟಿಗೆ ನಂಬರ್ ಬ್ಯಾರೆ.

ಮಡಿಕಿ ಗೆರಿ ಅಂದ್ರ ಖರೇ ಹೇಳ್ಬೇಕಂದ್ರ ಒಂದು ಬೆಳಕಿನ ಪಟ್ಟಿ, ಅದಕ್ಕ ಹತ್ತಿ ಒಂದು ಕತ್ತಲಿ ಪಟ್ಟಿ, ಇವೆರಡೂ ಕೆಳಗಿನ ಲೇಯರ್‌ನ್ಯಾಗ ಸಿಗ್ತಾವು. ಲಾಸೋದಿಂದ ಗೆರಿ ಸುತ್ತ ಹಾಕಿ, ಫೆದರ್ 20 ಕೊಟ್ಟು ಬ್ಲರ್ ಮಾಡಿದ್ರ ಎರಡೂ ಒಂದಾಗಿ ಹೋಗ್ತಾವು, ನೇಯ್ಗಿ ಮ್ಯಾಲಿನ ಲೇಯರ್‌ನ್ಯಾಗ ಇರೂದ್ರಿಂದ ಬಟ್ಟಿ ಬಟ್ಟಿನ ಉಳೀತೇತಿ. ಒಂದ ಎಚ್ಚರ, ಕೊರಳಾಗಿಂದ ಕೆಂಪು ಪಟ್ಟಿ ಇಳಿಬಿಟ್ಟಿದ್ಲು, ನನ್ನ ಲಾಸೋ ಅದರ ಅಂಚು ದಾಟಿತ್ತು, ಬ್ಲರ್ ಕೊಟ್ಟ ಕೂಡ್ಲೇ ಕರಿ ಬಟ್ಟಿ ಮ್ಯಾಲ ಕುಂಕುಮ ಚಲ್ಲಿದಂಗ ಆತು. ಅಂಚಿನ ಹತ್ರ ಬಂದಾಗ ಮದಲ ಪಟ್ಟೀನ ಸೆಲೆಕ್ಷನ್‌ನಿಂದ ಕಳದು ಆಮ್ಯಾಲ ಮಾಡಬೇಕು.

ಮೊಣಕೈ ಕೆಳಗಿನ ಗೆರಿಗೆ ನಾನು ಒಂದು ತಾಸು ಕುಂತಿದ್ದು ಪೂರಾ ದಂಡ. ಮಾನಿಟರ್ ಬ್ರೈಟ್‌ನೆಸ್ ಏರಿಸಿಟ್ಟಿದ್ದೆ, ಅದಕ್ಕ ಕಾಣ್ತಿದ್ವು. ಇನ್ಫೋದಾಗ ನೋಡಿದ್ರ ಅಲ್ಲಿ ಎಲ್ಲಾ 8, 10, 12. ನಮ್ಮ ಹುಬ್ಬಳ್ಳಿ ಲ್ಯಾಬಿನ ಪ್ರಿಂಟ್‌ನ್ಯಾಗ ಇಷ್ಟು ಕೆಳಗಿಂದು ಎಲ್ಲಾ ಒಂದ ಕರಿ ಆಗಿ ಬರ್ತೇತಿ, ಗೆರಿ ಇದ್ರೂ ಯಾರಿಗೂ ಕಾಣೂದಿಲ್ಲ.

ಈಗ ಗೊಂಡೆ. ಟೊಪಿಗಿ ಹಲಗಿ ನಡುವ ಒಂದು ಗುಂಡಿ ಇರ್ತೇತಿ, ಗೊಂಡೆ ದಾರ ಅದಕ್ಕ ಕಟ್ಟಿರ್ತಾರ. ಈಕಿದು ಗಾಳಿಗೆ ಮುಂದಿನ ಮೂಲಿಯಿಂದ ಜಾರಿ ಹುಬ್ಬು ದಾಟಿ ಗಲ್ಲದ ತನಕ ಜೋತಬಿದ್ದಿತ್ತು, ಬಂಗಾರ ಬಣ್ಣದ್ದು. ಡಿಗ್ರಿ ತಗೊಳೋಕಿಂತ ಮದಲ ಬಲಕ್ಕ, ತಗೊಂಡ ಮ್ಯಾಲ ಎಡಕ್ಕ ಅನ್ನೋ ಪದ್ಧತಿ ಅಮೆರಿಕದ ಕಡಿಂದು, ನಮ್ಮಲ್ಲಿ ಎಲ್ಲಾ ಕಡೆ ಇಲ್ಲ, ಆದ್ರ ಈಕಿ ಕಾಲೇಜಿನ್ಯಾಗ ಸ್ಟೇಜ್ ಮ್ಯಾಲ ಎಲ್ಲಾರಿಗೂ ಎಡಕ್ಕ ಹಾಕ್ಕೋರಿ ಅಂತ ಹೇಳಿದ್ರಂತ. ಅದಕ್ಕ "ಅಣ್ಣಾ ಗೊಂಡೆ ಎಡಕ್ಕ ಇರ್ಲಿ ರೀ, ಇಲ್ಲಾಂದ್ರ ಫ್ರೆಂಡ್ಸ್ ಎಲ್ಲಾ ಪಾಸಾಗಿಲ್ಲ ಅಂತ ಕಾಡಸ್ತಾರ" ಅಂತ ಮೆಸೇಜ್ ಹಾಕಿದ್ಲು.

ತಗಿಯೂದ್ರಾಗ ಕಷ್ಟ ಏನಂದ್ರ ಗೊಂಡೆ ಕೆಳಗ ಹುಬ್ಬ ಇಲ್ಲ, ಕ್ಯಾಮೆರಾಕ್ಕ ಕಾಣದ್ದನ್ನ ನಾ ಎಲ್ಲಿಂದ ತರ್ಲಿ. ಇನ್ನೊಂದು ಹುಬ್ಬನ್ನ ಕಾಪಿ ಮಾಡಿ ತಿರುವಿ ಹಾಕಬೌದು, ಆದ್ರ ಯಾರ ಎರಡು ಹುಬ್ಬೂ ಒಂದ ಥರ ಇರೂದಿಲ್ಲ, ಮನಿಯವ್ರು ಹಿಡೀತಾರ. ಇಲ್ಲಿ ಆ ಆರು ಫೋಟೋ ಕೆಲಸಕ್ಕ ಬಂದ್ವು. ಒಂದ್ರಾಗ ಗಾಳಿಗೆ ಗೊಂಡೆ ಹಿಂದ ಹಾರಿತ್ತು, ಕಣ್ಣು ಅರ್ಧ ಮುಚ್ಚಿದ್ಲು, ಆದ್ರ ಹುಬ್ಬು ಪೂರಾ ಐತಿ. ಆ ಹುಬ್ಬು, ಹಣಿ ತುಣುಕು ತಂದು ಕುಂದ್ರಸಿ ಮಾಸ್ಕ್ ಮಾಡಿದೆ, ಆಕಿದ ಹುಬ್ಬು, ಅದ ಬಿಸಲು, ಅದ ಹೊತ್ತು. ಮ್ಯಾಲಿನ ಕರ್ವ್ಸ್ ಲೇಯರ್ ಅದಕ್ಕೂ ತಾನ ಹತ್ತಿತು.

ಆಮ್ಯಾಲ ಗೊಂಡೇನ ಕತ್ತರಿಸಿ Ctrl+J ಮಾಡಿ ಫೋಟೋದ ಎಡಕ್ಕ ಇಟ್ಟೆ. ಬೆಳಕು ಬಲಕ್ಕಿಂದ ಬರ್ತಿತ್ತು, ಗೊಂಡೆ ಮಾರಿ ಆಚಿಗೆ ಎಡಕ್ಕ ಇದ್ದದ್ದಕ್ಕ ಅದರ ನೆರಳು ಮಾರಿ ಮ್ಯಾಲ ಬೀಳೂ ಪ್ರಶ್ನೇನ ಇಲ್ಲ, ಸಲೀಸ ಆತು. ಹುಬ್ಬಳ್ಳಿಗೆ ಕಳಸಿದೆ, ಮರುದಿನ ಪ್ರಿಂಟ್ ಬಂತು, ಫ್ರೇಮ್ ಹಾಕಿದೆ, ಕಾಕಾ ಒಯ್ದ್ರು.

ಎರಡ ದಿನಕ್ಕ ಫ್ರೇಮ್ ವಾಪಸ್ ಬಂತು. ಮಗಳೂ ಬಂದಿದ್ಲು. "ಅಣ್ಣಾ ಇದು ಬಲಕ್ಕಾತಲ್ರಿ" ಅಂದ್ಲು. ಎಲ್ಲವಾ ಎಡಕ್ಕ ಐತಲ್ಲ ಅಂತ ಬೆರಳು ಮಾಡಿ ತೋರ್ಸಿದೆ, ತೋರ್ಸೂವಾಗ ತಲಿಗೆ ಹೊಳೀತು. ಆಕಿ ನನ್ನ ಕಡೆ ಮಾರಿ ಮಾಡಿ ನಿಂತಾಳ, ಆಕಿ ಎಡ ಅಂದ್ರ ನನ್ನ ಬಲ. ಕಾಕಾ ನಕ್ಕೋಂತ "ಹಂಗಾರ ಫೋಟೋನ ತಿರುವಿಬಿಡು ತಮ್ಮಾ, ಸರಿ ಆಕ್ಕೇತಿ" ಅಂದ್ರು. ತಿರುವಿ ತೋರ್ಸಿದೆ, ಕೊರಳ ಪಟ್ಟಿ ಮ್ಯಾಲಿನ ಕಾಲೇಜಿನ ಹೆಸರು ಉಲ್ಟಾ ಆತು, ಮೂಗುಬಟ್ಟು ಆಚಿ ಮೂಗಿಗೆ ಹೋತು, "ಏ ಇದ್ಯಾರು" ಅಂತ ಅವ್ರ ಅಂದ್ರು. ಹೊರಡೂ ಮುಂದ ಇನ್ನೊಂದು ಹೇಳಿದ್ರು. ಮನ್ಯಾಗ ಅಜ್ಜಿ ಫೋಟೋ ನೋಡಿ, ಈ ಕೂಸು ಗಲ್ಲಕ್ಕ ಯಾವಾಗ ಗಾಯ ಮಾಡ್ಕೊಂಡೇತಿ ಅಂತ ಕೇಳಿದ್ಲಂತ.

ಫೈಲ್ ತಗದು ಝೂಮ್ ಮಾಡಿದೆ. ಗಲ್ಲದ ಮ್ಯಾಲ ಎರಡು ಬೆರಳು ಉದ್ದದ ಸಣ್ಣ ಕಂದು ಗೆರಿ. ಅದು ಹಳೇ ಗೊಂಡೆ ನೆರಳು! ಗೊಂಡೆ ತಗದಿದ್ದೆ, ಅದರ ನೆರಳನ್ನ ಅಲ್ಲೇ ಬಿಟ್ಟಿದ್ದೆ. ಟೊಪಿಗಿ ನೆರಳಿನ ಅಂಚಿಗೆ ಹತ್ತಿದ್ದಕ್ಕ ಅದೂ ಟೊಪಿಗೀದ ಅಂತ ನನ್ನ ಕಣ್ಣು ಹಾಯ್ದು ಹೋಗಿತ್ತು, ಟೊಪಿಗಿ ನೆರಳು ತಿಳಿ ಮಾಡಿದ ಮ್ಯಾಲ ಇದೊಂದ ಒಂಟಿ ಎದ್ದು ಕಂಡಿತ್ತು. ಅಜ್ಜಿಗೆ ಎಂಬತ್ತರ ಮ್ಯಾಲ ವಯಸ್ಸು ನೋಡ್ರಿ. ಹೀಲಿಂಗ್ ಬ್ರಶ್ಶಿಂದ ಎರಡು ನಿಮಿಷದಾಗ ತಗದೆ.

ಗೊಂಡೆ ಮಾತ್ರ ಮತ್ತ ಮದಲಿಂದ. ಸೀದಾ ಆಚಿ ಪಕ್ಕಕ್ಕ ಸರಸಿದೆ, ಅಂಟಿಸಿದ ಬಿಂದಿ ಹಂಗ ಕಾಣ್ತು. ಮೂರು ವಿಷಯ ಕೂಡಿರಲಿಲ್ಲ. ಒಂದು, ಆಕಿ ತಲಿ ಚೂರು ವಾಲಿಸಿದ್ಲು, ನಾನು ಗೊಂಡೇನೂ ಟೊಪಿಗಿ ಜತಿ ವಾಲಿಸಿದ್ದೆ. ಗೌಂಡಿ ದಾರಕ್ಕ ಗುಂಡು ಕಟ್ಟಿ ಗ್ವಾಡಿ ನೋಡ್ತಾನಲ್ಲ, ಗೊಂಡೇನೂ ಹಂಗ, ತಲಿ ಎಷ್ಟ ವಾಲಲಿ ಅದು ನೆಟ್ಟಗ ಭೂಮಿ ಕಡೆ ಇಳೀಬೇಕು. ಎರಡು, ಉದ್ದ. ಹಲಗಿ 24 ಸೆಂಟಿಮೀಟರ್ ಚೌಕ ಅಂತ ಹಿಡದ್ರ ನಡುವಿನ ಗುಂಡಿಯಿಂದ ಮೂಲಿಗೆ 17, ಅಂಚಿನ ನಡುವಿಗೆ 12. ಮದಲ ಮೂಲಿಯಿಂದ ಇಳದಿದ್ದ ದಾರ ಈಗ ಅಂಚಿಂದ ಇಳದ್ರ ಐದು ಸೆಂಟಿಮೀಟರ್ ಜಾಸ್ತಿ ಜೋತಬೀಳಬೇಕು, ದಾರ ಅಷ್ಟು ಉದ್ದ ಮಾಡಿದೆ. ಗೊಂಡೇನ ಅಡ್ಡ ತಿರುವಲಿಲ್ಲ, ತಿರುವಿದ್ರ ಅದರ ಬೆಳಕಿನ ಬದಿ ಎಡಕ್ಕ ಬಂದು ಸೂರ್ಯ ಎರಡಾಗ್ತಾವು.

ಮೂರನೇದು, ಮತ್ತ ನೆರಳು. ಬೆಳಕು ಬಲಕ್ಕಿಂದ, ಗೊಂಡೆ ಈಗ ಬಲಕ್ಕ ಐತಿ, ಅಂದ್ರ ಈ ಸಲ ಅದರ ನೆರಳು ಮಾರಿ ಮ್ಯಾಲ ಬೀಳಬೇಕು. ಗೊಂಡೆ ಲೇಯರ್ ಕಾಪಿ ಮಾಡಿ ಕಂದು ಬಣ್ಣ ತುಂಬಿದೆ, ಕರಿ ಅಲ್ಲ, ಚರ್ಮದ ಮ್ಯಾಲಿನ ನೆರಳು ಯಾವತ್ತೂ ಬರೇ ಕರಿ ಇರೂದಿಲ್ಲ. ಮಲ್ಟಿಪ್ಲೈ ಮೋಡ್, ನಲವತ್ತು ಪರ್ಸೆಂಟ್, ಸ್ವಲ್ಪ ಬ್ಲರ್. ಎಷ್ಟು ಓರಿ ಸರಸಬೇಕು ಅಂತ ಆಕಿ ಮೂಗಿನ ನೆರಳು ನೋಡಿ ಅದ ದಿಕ್ಕಿಗೆ ಸರಸಿದೆ. ಆಮ್ಯಾಲ ಅರ್ಧ ಅಳಿಸಿದೆ ಕೂಡ, ಯಾಕಂದ್ರ ಟೊಪಿಗಿ ನೆರಳಿನೊಳಗ ಗೊಂಡೆ ನೆರಳು ಇರಾಕ ಆಗೂದಿಲ್ಲ, ಅಲ್ಲಿ ತಡಿಯಾಕ ಬಿಸಲ ಇಲ್ಲ. ಕುತ್ತಿಗಿ ಮ್ಯಾಲೂ ಇಲ್ಲ, ಅದು ಗದ್ದದ ನೆರಳಾಗೈತಿ. ಉಳದದ್ದು ಗಲ್ಲದ ಅಂಚಿನ್ಯಾಗ ಒಂದು ತುಣುಕು, ಭುಜದ ಮ್ಯಾಲ ಒಂದು ತುಣುಕು. ಅಷ್ಟ ಸಾಕಾತು, ಗೊಂಡೆ ಟೊಪಿಗಿಗೆ ಕುಂತ್ಕೊಂತು. ತುದಿ ಎಳಿ ಸುತ್ತ ಹಳೇ ಗಲ್ಲದ ಬಣ್ಣ ಹತ್ತಿ ಬಂದಿತ್ತು, ಅದನ್ನ ಕೆರದು ತಗದು ನಾಲ್ಕೈದು ಎಳಿ 2 ಪಿಕ್ಸೆಲ್ ಬ್ರಶ್ಶಿಂದ ಕೈಲೇ ಬರದೆ.

ಈ ಸಲ ಪ್ರಿಂಟಿಗೆ ಕಳಸೂಕಿಂತ ಮದಲ ಮಗಳಿಗೆ ಕಳಸಿ "ಇದು ನಿನ್ನ ಎಡ ಹೌದಿಲ್ಲೋ" ಅಂತ ಕೇಳಿದೆ. ಹೌದ್ರಿ ಅಂದ್ಲು. ಎರಡನೇ ಪ್ರಿಂಟಿನ ರೊಕ್ಕ ನಾನ ಹಾಕ್ಕೊಂಡೆ, ಕಾಕಾ ಕೊಡಾಕ ಬಂದಿದ್ರು, ಬ್ಯಾಡ ಅಂದೆ.

ಸ್ವಾಮಾರ ಫ್ರೇಮ್ ಒಯ್ಯಾಕ ಬಂದಾಗ ಕಾಕೂನೂ ಬಂದಿದ್ರು. ಕೌಂಟರ್ ಮ್ಯಾಲ ಇಟ್ಟು ಸೆರಗಿಲೆ ಕಾಜು ಒರಸಿ ಬಾಳೊತ್ತು ನೋಡಿದ್ರು. ಆಮ್ಯಾಲ ಸಾವಕಾಶ ಕೇಳಿದ್ರು, "ಎಲ್ಲಾ ಚಂದಾಗೇತಿ ಬಿಡಪ್ಪಾ, ಅವತ್ತ ನಸಕಿನ್ಯಾಗ ಎದ್ದು ಒಂದು ಮಳ ಮಲ್ಲಿಗಿ ಕಟ್ಟಿ ಜಡಿಗೆ ಮುಡಿಸಿ ಕಳಸಿದ್ದೆ, ಆ ಟೊಪಿಗ್ಯಾಗ ಒಂದೂ ಕಾಣವಲ್ದು. ಟೊಪಿಗಿ ತಗದು ಹೂವು ಕಾಣೂಹಂಗ ಇನ್ನೊಂದು ಮಾಡಾಕ ಬರ್ತೇತೇನು?"

ಆ ಆರರಾಗ ಹೂವು ಇದ್ದದ್ದು ಒಂದೂ ಇಲ್ಲ. ಅವತ್ತ ಟೊಪಿಗಿ ಹಾಕೂಕಿಂತ ಮದಲ ಬಸ್ಸಿನ್ಯಾಗ ಗೀಸ್ಸಿನ್ಯಾಗ ತಗದ ಸೆಲ್ಫಿ ಏನರ ಇದ್ರ ಕಳಸು ಅಂತ ಮಗಳಿಗೆ ಹೇಳೇನಿ.